ನೂರು ಗ್ರಾಮಿನೊಳಗೆ ನೂರಾನಾಲ್ಕು

ಲೆಕ್ಕ ಬಂದವರಿಗೆ ಅಡುಗೆ ಬರುವುದಿಲ್ಲ, ಅಡುಗೆ ಬಂದವರಿಗೆ ಲೆಕ್ಕದ ಹಂಗಿಲ್ಲ. ನಮ್ಮ ಮನೆಯಲ್ಲಿ ಈ ಎರಡು ಪಂಗಡಗಳು ಬಹುಕಾಲ ಜಗಳವಿಲ್ಲದೆ ಬಾಳಿದ್ದವು. ತಮ್ಮನ ಹೆಂಡತಿ ಚಕ್ಕುಲಿ ಮಾರಲು ಹೊರಟ ಮೇಲೆ ಎರಡೂ ಒಂದೇ ಲೇಬಲ್ಲಿನ ಮೇಲೆ ಕೂರಬೇಕಾಗಿ ಬಂತು.

ಶಿರಸಿ ಸೀಮೆಯವರಿಗೆ ಕೈಚಕ್ಕುಲಿಯ ಪರಿಚಯ ಮಾಡಿಕೊಡಬೇಕಿಲ್ಲ. ಚೌತಿಗೆ ಮುಂಚೆ ಚಕ್ಕುಲಿ ಕಂಬಳ ಅಂತ ಊರಿನವರೆಲ್ಲ ಒಂದು ಮನೆಯಲ್ಲಿ ಸೇರಿ, ಒರಳಿನ ಹಂಗಿಲ್ಲದೆ ಬರೀ ಕೈಯಲ್ಲಿ ಹಿಟ್ಟು ಹೊಸೆದು ಸುತ್ತುವುದು ನಮ್ಮಲ್ಲಿ ನಡೆದುಬಂದದ್ದು. ಅಲ್ಲಿ ಯಾರೂ ಪ್ರೋಟೀನ್ ಎಷ್ಟು ಅಂತ ಕೇಳಿದ್ದಿಲ್ಲ. ಪೊಟ್ಟಣಕ್ಕೆ ಹಾಕಿ ಅಂಗಡಿಗೆ ಕೊಡುವಾಗ ಮಾತ್ರ ಅಂಗಡಿಯವರು, "ಅಕ್ಕ, ಹಿಂದುಗಡೆ ಒಂದು ಚೌಕ ಬೇಕಲ್ಲ, ಕ್ಯಾಲೊರಿದು?" ಅಂದರು.

ಚೌಕ ತುಂಬುವ ಕೆಲಸ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಅವಳ ಮಗ ಮಾಣಿಗೆ ಹೋಯಿತು. ಅವನು ಅಮ್ಮನಿಗೆ ಫೋನು ಮಾಡಿ ಅಳತೆ ಕೇಳಿಕೊಂಡ: ಅಕ್ಕಿ ಹಿಟ್ಟು 1 ಕೆಜಿ, ಉದ್ದಿನ ಹಿಟ್ಟು 200 ಗ್ರಾಂ, ಬೆಣ್ಣೆ 50, ಎಳ್ಳು 20, ಉಪ್ಪು 25, ಕಲಸಲು ನೀರು 800. ಒಂದೊಂದಕ್ಕೂ ಪೋಷಕಾಂಶ ಎಷ್ಟು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಲ್ಲಿ ನೋಡಿ ಗುಣಿಸಿದ. ಅಕ್ಕಿಯಲ್ಲಿ 100 ಗ್ರಾಮಿಗೆ ಸುಮಾರು 7.9 ಗ್ರಾಂ ಪ್ರೋಟೀನ್, ಹಾಗಾಗಿ ಒಂದು ಕೆಜಿಗೆ 79. ಹೀಗೆ ಎಲ್ಲ ಕೂಡಿಸಿದಾಗ ಪ್ರೋಟೀನ್ 129 ಗ್ರಾಂ, ಕಾರ್ಬೋಹೈಡ್ರೇಟ್ 886, ಕೊಬ್ಬು 57. ಮೊದಲೆರಡಕ್ಕೆ ಗ್ರಾಮಿಗೆ 4 ಕ್ಯಾಲೊರಿ, ಕೊಬ್ಬಿಗೆ 9. ಒಟ್ಟು 4573. ಇಲ್ಲಿಯವರೆಗೆ ಅವನ ಲೆಕ್ಕದಲ್ಲಿ ತಪ್ಪು ಹುಡುಕಲು ಸಾಧ್ಯವಿಲ್ಲ. ಆಮೇಲೆ ಬೋಗುಣಿಗೆ ಬಿದ್ದದ್ದನ್ನೆಲ್ಲ ನೀರೂ ಸೇರಿಸಿ ಕೂಡಿಸಿದ, 2095 ಗ್ರಾಂ ಆಯಿತು. ಅದರಿಂದ ಭಾಗಿಸಿ 100ರಿಂದ ಗುಣಿಸಿ ಪ್ರೆಸ್ಸಿಗೆ ಕಳಿಸಿಬಿಟ್ಟ.

ಪ್ರೆಸ್ಸಿನಿಂದ ಬಂದ ಮಾದರಿಯನ್ನು ತಮ್ಮನ ಹೆಂಡತಿ ನನ್ನ ಮುಂದೆ ಹಿಡಿದಳು. "ಭಾವ, ಇದೊಂದು ನೋಡಿಕೊಡಿ, ಕಾಗುಣಿತ ಸರಿ ಇದ್ದಾ ಹೇಳಿ."

ಕಾಗುಣಿತ ಸರಿಯಿತ್ತು. 100 ಗ್ರಾಂ ಚಕ್ಕುಲಿಗೆ 218 ಕ್ಯಾಲೊರಿ, ಕೊಬ್ಬು 2.7 ಗ್ರಾಂ. ಹೃದ್ರೋಗಿಗಳಿಗೆ ಆಸ್ಪತ್ರೆಯಲ್ಲೇ ಹಂಚಬಹುದಾದ ಚಕ್ಕುಲಿ! ಬ್ಯಾಂಕಿನಲ್ಲಿ ಜನ್ಮ ಸವೆಸಿದ ನನಗೆ ಲೇಬಲ್ ಕಂಡರೂ ಮೊದಲು ಕೂಡಿಸುವ ಚಟ. ಪ್ರೋಟೀನ್ 6.2, ಕೊಬ್ಬು 2.7, ಕಾರ್ಬೋಹೈಡ್ರೇಟ್ 42.3. ಒಟ್ಟು 51 ಗ್ರಾಂ ಚಿಲ್ಲರೆ. ಹಾಗಾದರೆ ಉಳಿದ 49 ಗ್ರಾಂ ಏನು? ನಾರು, ಉಪ್ಪು ಅಂತ ಐದಾರು ಗ್ರಾಂ ಬಿಟ್ಟರೂ ಮಿಕ್ಕದ್ದೆಲ್ಲ ನೀರೇ ಆಗಬೇಕು. ಕಡಿದರೆ ಕಟಂ ಅನ್ನುವ ಚಕ್ಕುಲಿಯೊಳಗೆ ಹತ್ತಿರ ಹತ್ತಿರ ಅರ್ಧ ನೀರು.

ಮಾಣಿಗೆ ಫೋನು ಮಾಡಿ ಹೇಳಿದೆ: ಮೇಲಿನ ಅಂಕಿ ಸರಿ, ಭಾಗಿಸಿದ ಅಂಕಿ ಹಸಿ ಹಿಟ್ಟಿನದು. ಗಿರಾಕಿ ತಿನ್ನುವುದು ಹಿಟ್ಟಲ್ಲ, ಪೊಟ್ಟಣದಲ್ಲಿರುವ ಚಕ್ಕುಲಿ. ಎಣ್ಣೆಯಲ್ಲಿ ಬೆಂದಾಗ ನೀರು ಆವಿಯಾಗಿ ಹೋಗುತ್ತದೆ. ಪ್ರೋಟೀನ್, ಪಿಷ್ಟ ಎಲ್ಲೂ ಹೋಗುವುದಿಲ್ಲ, ಕಮ್ಮಿ ತೂಕದಲ್ಲಿ ಒತ್ತೊತ್ತಾಗಿ ಕೂರುತ್ತವೆ. ಆದ್ದರಿಂದ ಭಾಗಿಸಬೇಕಾದ್ದು ಕರಿದು ಆರಿದ ಮೇಲಿನ ತೂಕದಿಂದ. ಅಲ್ಲದೆ ಎಣ್ಣೆ ಎಲ್ಲಿ ಹೋಯಿತು ಮಾರಾಯ?

"ದೊಡ್ಡಪ್ಪ, ಎಣ್ಣೆ ಕರಿಯಲಿಕ್ಕೆ ಅಲ್ದಾ, ಹಿಟ್ಟಿಗೆ ಹಾಕಿದ್ದಲ್ಲ" ಅಂದ. ನಾಲ್ಕು ವರ್ಷ ಇಂಜಿನಿಯರಿಂಗ್ ಓದುವವನ ಉತ್ತರ!

ನೀರು ಹೊರಬಿದ್ದ ಜಾಗಕ್ಕೇ ಎಣ್ಣೆ ನುಗ್ಗುವುದು. ಎಷ್ಟು ನುಗ್ಗಿತು ಅನ್ನುವುದನ್ನು ಯಾವ ಕೋಷ್ಟಕವೂ ನಮ್ಮ ಬಾಣಲೆಗೆ ಹೇಳಿಕೊಡುವುದಿಲ್ಲ. ಎಣ್ಣೆ ಸರಿಯಾಗಿ ಕಾಯದಿದ್ದರೆ ಹೆಚ್ಚು ಕುಡಿಯುತ್ತದೆ, ಹಿಟ್ಟು ನೀರಾದರೂ ಹೆಚ್ಚು ಕುಡಿಯುತ್ತದೆ. ತೂಗಿಯೇ ತಿಳಿಯಬೇಕು: ಮೊದಲಿದ್ದ ಎಣ್ಣೆ, ಕೊನೆಗೆ ಉಳಿದ ಎಣ್ಣೆ, ನಡುವಿನ ವ್ಯತ್ಯಾಸ.

ಹೇಳುವುದು ಸುಲಭ. ಅಡುಗೆಮನೆಯ ತಕ್ಕಡಿಯ ತಾಕತ್ತು 5 ಕೆಜಿ. ಆಯಿಯ ಕಾಲದ ಕಬ್ಬಿಣದ ಬಾಣಲೆಯನ್ನು ಎಣ್ಣೆ ಸಮೇತ ಅದರ ಮೇಲಿಟ್ಟಾಗ ಅಂಕಿ ಬರುವ ಜಾಗದಲ್ಲಿ ಮೂರು ಅಡ್ಡಗೆರೆ ಬಂದು ತಕ್ಕಡಿ ಶರಣಾಯಿತು. ಬಾಣಲೆ ಬಿಟ್ಟು ಎಣ್ಣೆಯ ಡಬ್ಬಿಯನ್ನೇ ತೂಗಿದೆ. ಕರಿದು ಮುಗಿದು ಎಣ್ಣೆ ಪೂರ್ತಿ ತಣಿದ ಮೇಲೆ, ತಳದ ಕರಕಲನ್ನು ಸೋಸಿ ಸ್ಟೀಲ್ ಪಾತ್ರೆಗೆ ಬಗ್ಗಿಸಿ ಮತ್ತೆ ತೂಗಿದೆ. ಬಿಸಿ ಎಣ್ಣೆಯನ್ನು ಪ್ಲಾಸ್ಟಿಕ್ ತಕ್ಕಡಿಯ ಮೇಲೆ ಇಡಹೊರಡುವವರಿಗೆ ನನ್ನ ನಮಸ್ಕಾರ. ಚಕ್ಕುಲಿ ಬಸಿಯಲು ಹಾಸಿದ ಕಾಗದವನ್ನೂ ಮೊದಲೊಮ್ಮೆ ಕೊನೆಗೊಮ್ಮೆ ತೂಗಬೇಕು, ಏಕೆಂದರೆ ಕಾಗದ ಕುಡಿದ ಎಣ್ಣೆಯನ್ನು ಗಿರಾಕಿ ತಿನ್ನುವುದಿಲ್ಲ. ನಡುವೆ ಆಯಿ, "ಎಣ್ಣೆ ಕಮ್ಮಿ ಕಂಡ್ತು, ಒಂದು ಸೌಟು ಹಾಕಿದ್ದಿ" ಅಂದಳು. ನಾನು ಬೆಚ್ಚಲಿಲ್ಲ. ಅಡುಗೆಮನೆಯಲ್ಲಿದ್ದ ಎಣ್ಣೆಯೆಲ್ಲ ಒಂದೇ ಡಬ್ಬಿಯದು, ಅದರ ತೂಕ ನನ್ನ ಹತ್ತಿರ ಇತ್ತು. ಮನೆಯ ಜನ ಗೊತ್ತಿದ್ದವರು ಹೀಗೇ ತಯಾರಿ ಮಾಡಿಕೊಳ್ಳಬೇಕು.

ಮೊದಲಿದ್ದ ಎಣ್ಣೆ 2000 ಗ್ರಾಂ. ಉಳಿದದ್ದು 1540, ಕಾಗದಕ್ಕೆ 30. ಹಾಗಾದರೆ ಚಕ್ಕುಲಿಯ ಹೊಟ್ಟೆಗೆ 430. ಕೊಬ್ಬು 57 ಇದ್ದದ್ದು 487 ಆಯಿತು, ಕ್ಯಾಲೊರಿ 4573 ಇದ್ದದ್ದು 8443. ತಮ್ಮನ ಹೆಂಡತಿ ಆ ಅಂಕಿಯನ್ನು ನೋಡಿ ಸೆರಗಿನಲ್ಲಿ ಬೆವರು ಒರೆಸಿಕೊಂಡಳು.

ಇನ್ನು ಚಕ್ಕುಲಿಯ ತೂಕ. ಪೂರ್ತಿ ಆರಿದ ಮೇಲೆ ಬುಟ್ಟಿಯ ತೂಕ ಕಳೆದು ನೋಡಿದರೆ 1440. ಭಾಗಿಸಿದೆ: ಪ್ರೋಟೀನ್ 9.0, ಕೊಬ್ಬು 33.8, ಕಾರ್ಬೋಹೈಡ್ರೇಟ್ 61.5. ಚಟದ ಪ್ರಕಾರ ಕೂಡಿಸಿದೆ. 104.3.

100 ಗ್ರಾಂ ಚಕ್ಕುಲಿಯಲ್ಲಿ 104.3 ಗ್ರಾಂ ಸಾಮಾನು. ಅದೂ ಉಪ್ಪು, ನಾರು, ಉಳಿದ ತೇವ ಯಾವುದನ್ನೂ ಸೇರಿಸದೆ! ಇದು ಯಾವ ಬ್ಯಾಂಕಿನಲ್ಲೂ ಟ್ಯಾಲಿ ಆಗುವ ಲೆಕ್ಕವಲ್ಲ. ಮೇಲಿನ ಅಂಕಿಗಳನ್ನು ಮತ್ತೆ ಮತ್ತೆ ಗುಣಿಸಿ ನೋಡಿದೆ, ಸರಿಯಿದ್ದವು. ಎಣ್ಣೆಯೂ ಸರಿ. ಹಾಗಾದರೆ ಕೆಳಗಿನ ಅಂಕಿ ಸಣ್ಣದಾಗಿದೆ. ಅಂದರೆ ಬಾಣಲೆಗೆ ಹೋದ ಚಕ್ಕುಲಿಯೆಲ್ಲ ಬುಟ್ಟಿಗೆ ಬಂದಿಲ್ಲ.

"ಚಕ್ಕುಲಿ ಯಾರು ತಿಂದದ್ದು?" ಅಂತ ಜಗುಲಿಗೆ ಬಂದು ಕೇಳಿದೆ.

ಅಡಿಕೆ ಕೊನೆಕೊಯ್ಲಿನ ಕಾಲ. ಕೊನೆಗೌಡನೂ ಅವನ ಜೊತೆಯವರೂ ಚಹಾ ಕುಡಿದು ಹೊರಟಿದ್ದರು. ಆಸರಿ ಜೊತೆಗೆ ಆಯಿ ಅವರಿಗೆ ಬಿಸಿಬಿಸಿ ಚಕ್ಕುಲಿ ಆರು ಕೊಟ್ಟಿದ್ದಳು. ದೇವರ ಮುಂದೆ ಒಂದು ಇಟ್ಟಿದ್ದಳು. ತಮ್ಮನ ಹೆಂಡತಿ ಉಪ್ಪು ನೋಡಲು ಒಂದು ತಿಂದಿದ್ದಳು. ಬಿಪಿ ಗುಳಿಗೆ ನುಂಗುವ ಅಪ್ಪಯ್ಯ ಕವಳದ ತಟ್ಟೆಯ ಕಡೆ ನೋಡುತ್ತ, "ಆನು ಎರಡೇ ತಿಂದಿದ್ದು" ಅಂದ. ಎಷ್ಟು ಅಂತ ಯಾರೂ ಅವನನ್ನು ಕೇಳಿರಲಿಲ್ಲ.

ಒಟ್ಟು ಹತ್ತು. ಬುಟ್ಟಿಯಿಂದ ಹತ್ತು ಆರಿಸಿ ತೂಗಿದರೆ 200 ಗ್ರಾಂ. ಸೇರಿಸಿದರೆ 1640. ದೇವರ ಮುಂದಿನದನ್ನು ಬೇಕಾದರೆ ತಂದು ತೂಗಬಹುದಿತ್ತು, ಆಯಿ ಒಪ್ಪಲಿಲ್ಲ. ಮುರಿದ ಚೂರುಗಳನ್ನೂ ಇದರೊಳಗೇ ತೂಗಿದ್ದೇವೆ. ಅವು ಮಾರಾಟಕ್ಕೆ ಬಾರವು, ಆದರೆ ಅವುಗಳ ಹಿಟ್ಟೂ ಎಣ್ಣೆಯೂ ಒಟ್ಟು ಲೆಕ್ಕದಲ್ಲಿ ಇವೆಯಲ್ಲ. ಮಾರಿದ್ದು ಎಷ್ಟು ಅನ್ನುವುದು ಬೇರೆ, ಆದದ್ದು ಎಷ್ಟು ಅನ್ನುವುದು ಬೇರೆ.

1640ರಿಂದ ಭಾಗಿಸಿದಾಗ ಪ್ರೋಟೀನ್ 7.9, ಕೊಬ್ಬು 29.7, ಕಾರ್ಬೋಹೈಡ್ರೇಟ್ 54. ಕೂಡಿಸಿದರೆ 91.6. ಉಳಿದ 8.4ರಲ್ಲಿ ಉಪ್ಪು ಒಂದೂವರೆ, ನಾರು ಮೂರು ಚಿಲ್ಲರೆ, ಮಿಕ್ಕದ್ದು ಖನಿಜ ಮತ್ತು ಗರಿಗರಿ ತಿಂಡಿಯಲ್ಲೂ ಉಳಿಯುವ ಅಷ್ಟಿಷ್ಟು ತೇವ. ಎಲ್ಲರಿಗೂ ಕೂರಲು ಜಾಗ ಸಿಕ್ಕಿತು. ಶಕ್ತಿ 515 ಕ್ಯಾಲೊರಿ.

ಸೋಡಿಯಂ ಮಾತ್ರ ಬಾಕಿ. ಮಾಣಿ ಹಾಕಿದ 25 ಗ್ರಾಂ ಉಪ್ಪನ್ನು ಪೂರ್ತಿ ಸೋಡಿಯಂ ಅಂತಲೇ ಬರೆದು 100 ಗ್ರಾಮಿಗೆ 1193 ಮಿಲಿಗ್ರಾಂ ಮಾಡಿದ್ದ. ಎಲ್ಲದರಲ್ಲೂ ಕಮ್ಮಿ ತೋರಿಸಿದವನು ಇದೊಂದರಲ್ಲಿ ಧಾರಾಳಿ. ಉಪ್ಪಿನ ತೂಕದಲ್ಲಿ ಸೋಡಿಯಂ ನೂರಕ್ಕೆ ಸುಮಾರು 39 ಪಾಲು, ಉಳಿದದ್ದು ಕ್ಲೋರಿನ್. 25 ಗ್ರಾಮಿಗೆ ಸುಮಾರು 9.8 ಗ್ರಾಂ, 1640ರಿಂದ ಭಾಗಿಸಿದರೆ 100ಕ್ಕೆ 600 ಮಿಲಿಗ್ರಾಂ. ಲೇಬಲ್ ನಿಯಮ ದಿನಕ್ಕೆ ಆಧಾರವಾಗಿ ಇಟ್ಟುಕೊಂಡದ್ದು 2000 ಮಿಲಿಗ್ರಾಂ. ಅಪ್ಪಯ್ಯನ "ಎರಡೇ" ಚಕ್ಕುಲಿಗೆ 240 ಮಿಲಿಗ್ರಾಂ ಅಂತ ಅವನಿಗೆ ಕೇಳುವ ಹಾಗೆ ಓದಿದೆ. ಕಿವಿ ಸರಿಯಿಲ್ಲ ಅಂದ.

ಸಂತೃಪ್ತ ಕೊಬ್ಬು, ಟ್ರಾನ್ಸ್ ಕೊಬ್ಬು ಇವೆಲ್ಲ ತಕ್ಕಡಿಗೆ ಸಿಗುವಂಥವಲ್ಲ. ಸಂತೃಪ್ತ ಕೊಬ್ಬನ್ನು ಎಣ್ಣೆ ಡಬ್ಬಿಯ ಹಿಂದಿನ ಚೌಕ ನೋಡಿ, ಬೆಣ್ಣೆಯದು ಸೇರಿಸಿ ಲೆಕ್ಕ ಹಾಕಬಹುದು. ಮತ್ತೆ ಮತ್ತೆ ಕಾದ ಎಣ್ಣೆಯ ಟ್ರಾನ್ಸ್ ಕೊಬ್ಬಿನ ಕಥೆ ಹೇಳಬೇಕಾದ್ದು ಮಾನ್ಯತೆ ಪಡೆದ ಪ್ರಯೋಗಾಲಯವೇ. ಒಂದೇ ಸಲದ ತೂಕವನ್ನೂ ನಂಬಿ ಕೂರುವಂತಿಲ್ಲ. ಮುಂದಿನ ಕೆಲವು ಒಬ್ಬೆಗಳಲ್ಲಿ ಎಣ್ಣೆ ಒಮ್ಮೆ ಹೆಚ್ಚು, ಒಮ್ಮೆ ಕಮ್ಮಿ ಹೋಯಿತು. ಸರಾಸರಿ ಹಿಡಿದದ್ದಕ್ಕೆ ಲೇಬಲ್ಲಿನ ಅಂಕಿ ಹೆಚ್ಚು ಅಲುಗಾಡಲಿಲ್ಲ. ಆ ದಿನಗಳಲ್ಲಿ ತೂಕ ಮುಗಿಯುವ ತನಕ ಬುಟ್ಟಿ ನನ್ನ ಕೋಣೆಯಲ್ಲಿ, ಬೀಗ ನನ್ನ ಸೊಂಟದಲ್ಲಿ.

ಲೇಬಲ್ ಅಚ್ಚಾಗಿ ಪೊಟ್ಟಣಗಳು ಅಂಗಡಿಗೆ ಹೋದವು. ಯಲ್ಲಾಪುರ ಕಡೆಯ ಒಬ್ಬರು ಕನ್ನಡಕ ಏರಿಸಿ ಹಿಂದುಗಡೆಯ ಚೌಕವನ್ನು ಬಹಳ ಹೊತ್ತು ಓದಿದರಂತೆ. ತಮ್ಮನ ಹೆಂಡತಿ ಹತ್ತಿರದಲ್ಲೇ ನಿಂತಿದ್ದಳು, ಕಡೆಗೂ ಓದುವವರೊಬ್ಬರು ಸಿಕ್ಕರು ಅಂತ ಅವಳಿಗೆ ಸಂತೋಷ.

"ಐನೂರಾ ಹದಿನೈದಾ?" ಅಂದರಂತೆ ಅವರು. "ನೂರು ಗ್ರಾಮಿಗೆ ರಾಶಿ ದುಬಾರಿ ಆತು. ಇನ್ನೂರಕ್ಕೆ ಕೊಡ್ತ್ರಾ?"