ಅಣ್ಣ, ಇದು ಯಾವ ತೂತು?

ನಮ್ಮ ಮನೆಮಂದಿಯಲ್ಲಿ ಯಾರ ಕಂಪ್ಯೂಟರ್ ಹಿಂದೆ ಏನೇ ಗೊಂದಲವಾದರೂ ನನಗೊಂದು ಫೋಟೋ ಬರುತ್ತದೆ. ಫೋಟೋ ಅಂದರೆ ಹೆಸರಿಗಷ್ಟೇ. ಅರ್ಧ ಕತ್ತಲು, ಅರ್ಧ ಧೂಳು, ನಡುವೆ ಒಂದು ತೂತು. ಕೆಳಗೆ ಒಂದೇ ಸಾಲು: "ಇದಕ್ಕೆ ಯಾವ ವೈರ್?"

ಈ ಸಲ ಕಳಿಸಿದ್ದು ತಂಗಿ. ಯಾರೋ ಬಳಸಿ ಬಿಟ್ಟ ಮಾನಿಟರ್ ಒಂದನ್ನು ತಂದಿದ್ದಳು, ಅದರ ಜೊತೆ ಕರೆಂಟಿನ ವೈರ್ ಬಿಟ್ಟರೆ ಬೇರೇನೂ ಬಂದಿರಲಿಲ್ಲ. ಲ್ಯಾಪ್‌ಟಾಪ್‌ಗೆ ಜೋಡಿಸಬೇಕಿತ್ತು. ಫೋಟೋದಲ್ಲಿ ಎರಡು ತೂತು ಕಾಣುತ್ತಿದ್ದವು. ಒಂದು ನೀಲಿ ಬಣ್ಣದ್ದು, ಮೂರು ಸಾಲು ಸಣ್ಣ ರಂಧ್ರ, ಎರಡೂ ಕಡೆ ಸ್ಕ್ರೂ ಹಾಕುವ ಜಾಗ. ಅದು ವಿಜಿಎ, ಕಣ್ಣು ಮುಚ್ಚಿ ಹೇಳಬಹುದು. ಇನ್ನೊಂದು ಕಪ್ಪು, ಚಪ್ಪಟೆ, ಉದ್ದಕ್ಕಿತ್ತು. ನಾನು ಚಹಾ ಕುಡಿಯುತ್ತಾ ಒಂದು ಸಲ ನೋಡಿ "ಎಚ್‌ಡಿಎಂಐ" ಅಂತ ಬರೆದುಬಿಟ್ಟೆ. ಮಾರನೇ ದಿನ ಫೋನು. "ಅಣ್ಣ, ಹೋಗ್ತಾನೇ ಇಲ್ಲ. ಸ್ವಲ್ಪ ಜೋರಾಗಿ ಒತ್ತಲಾ?"

ಬೇಡ ಮಾರಾಯ್ತಿ ಅಂದೆ. ಆಮೇಲೆ ಅದೇ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಅದು ಡಿಸ್‌ಪ್ಲೇ ಪೋರ್ಟ್.

ನನ್ನ ತಪ್ಪೇ, ಆದರೆ ಸುಲಭವಾಗಿ ಆಗುವ ತಪ್ಪು. ಎಚ್‌ಡಿಎಂಐ ತೂತಿನ ಅಗಲ ಸುಮಾರು 14 ಮಿಲಿಮೀಟರ್, ಡಿಸ್‌ಪ್ಲೇ ಪೋರ್ಟ್‌ನದು ಸುಮಾರು 16. ಕೈಯಲ್ಲಿ ಹಿಡಿದರೆ ಗೊತ್ತಾಗುವ ವ್ಯತ್ಯಾಸ ಫೋಟೋದಲ್ಲಿ ಗೊತ್ತಾಗುವುದಿಲ್ಲ, ಏಕೆಂದರೆ ಪಕ್ಕದಲ್ಲಿ ಅಳತೆಗೆ ಏನೂ ಇರುವುದಿಲ್ಲ. ಈಗ ನಾನು ಫೋಟೋ ಕಳಿಸುವವರಿಗೆಲ್ಲ ಪಕ್ಕದಲ್ಲಿ ಬೆರಳು ಇಟ್ಟು ತೆಗೆಯಿರಿ ಅನ್ನುತ್ತೇನೆ. ಬೆರಳೂ ಇಲ್ಲದಿದ್ದರೆ ಆಕಾರವನ್ನೇ ನಂಬಬೇಕು. ಅದಕ್ಕೊಂದು ಸುಲಭ ಉಪಾಯವಿದೆ: ತೂತಿನ ಚಿತ್ರದ ನಟ್ಟನಡುವೆ ಮನಸ್ಸಿನಲ್ಲೇ ಮೇಲಿಂದ ಕೆಳಕ್ಕೆ ಗೆರೆ ಎಳೆದು, ಎಡಭಾಗವನ್ನು ಬಲಭಾಗದ ಮೇಲೆ ಮಡಚಿ. ಎಚ್‌ಡಿಎಂಐ ಆದರೆ ಎರಡೂ ಸರಿಯಾಗಿ ಕೂರುತ್ತವೆ, ಯಾಕೆಂದರೆ ಅದರ ಒಂದೇ ಬದಿಯ ಎರಡೂ ಮೂಲೆ ಒಳಕ್ಕೆ ಸರಿದಿರುತ್ತವೆ. ಡಿಸ್‌ಪ್ಲೇ ಪೋರ್ಟ್ ಆದರೆ ಕೂರುವುದಿಲ್ಲ. ಅದು ಆಯತ, ಆದರೆ ಒಂದೇ ಒಂದು ಮೂಲೆ ಕತ್ತರಿಸಿದಂತಿರುತ್ತದೆ, ಯಾರೋ ಪುಸ್ತಕದ ಪುಟದ ತುದಿ ಮಡಚಿಟ್ಟ ಹಾಗೆ. ಮಾನಿಟರ್ ಹಿಂದಿನ ತೂತುಗಳು ಎಷ್ಟೋ ಸಲ ನೆಲದ ಕಡೆ ಮುಖ ಮಾಡಿರುತ್ತವೆ, ಫೋಟೋ ತಲೆಕೆಳಗಾಗಿ ಬರುತ್ತದೆ. ಮೇಲು ಯಾವುದು ಕೆಳಗು ಯಾವುದು ಅಂತ ತಲೆ ಕೆಡಿಸಿಕೊಳ್ಳುವುದೇ ಬೇಡ, ಮಡಚಿ ನೋಡಿದರೆ ಸಾಕು.

ವಿಜಿಎ ವಿಷಯ ಬಿಟ್ಟೆ ಅನ್ನಬೇಡಿ. ಮನೆಯಲ್ಲಿ ಹಳೇ ವಿಜಿಎ ಕೇಬಲ್ ಒಂದು ಸಿಕ್ಕಿತು ಅಂತ ಅದರ ತುದಿಯ ಫೋಟೋವನ್ನೂ ಕಳಿಸಿದ್ದಳು, "ಇದರದ್ದು ಒಂದು ಪಿನ್ನು ಮುರಿದಿದೆ" ಅಂತ. ಮುರಿದಿರಲಿಲ್ಲ. ವಿಜಿಎಗೆ ಐದೈದರ ಮೂರು ಸಾಲು, ಒಟ್ಟು 15 ಪಿನ್. ಎಷ್ಟೋ ಕೇಬಲ್‌ಗಳಲ್ಲಿ ಮಧ್ಯದ ಸಾಲಿನ ಒಂಬತ್ತನೇ ಪಿನ್ ಹುಟ್ಟಿನಿಂದಲೇ ಇರುವುದಿಲ್ಲ. ಈ ಒಂದು ಖಾಲಿ ಜಾಗ ನೋಡಿ ಎಷ್ಟು ಜನ ಒಳ್ಳೆಯ ಕೇಬಲ್ ಬಿಸಾಕಿದ್ದಾರೋ. ಆದರೆ ಅವಳ ಲ್ಯಾಪ್‌ಟಾಪ್‌ನಲ್ಲಿ ವಿಜಿಎ ಇರಲೇ ಇಲ್ಲ, ಹಾಗಾಗಿ ಆ ಮಾತು ಅಲ್ಲಿಗೇ ಮುಗಿಯಿತು.

ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಇದೆ, ಮಾನಿಟರ್‌ನಲ್ಲಿ ಡಿಸ್‌ಪ್ಲೇ ಪೋರ್ಟ್ ಇದೆ. ಒಂದು ತುದಿ ಇದು, ಇನ್ನೊಂದು ತುದಿ ಅದು ಇರುವ ಕೇಬಲ್ ಸಿಕ್ಕರೆ ಆಯಿತಲ್ವಾ? ನನ್ನನ್ನು ಕೇಳದೆ ಅವಳೇ ತರಿಸಿಕೊಂಡಳು. ಎರಡೂ ಕಡೆ ಚೆನ್ನಾಗಿಯೇ ಕೂತಿತು. ಪರದೆಯ ಮೇಲೆ No Signal.

ಫೋಟೋ ನೋಡಿ ಹೇಳುವವರು ಹೆಚ್ಚಾಗಿ ಎಡವುವುದು ಇಲ್ಲೇ. ತೂತಿನ ಆಕಾರ ನೋಡಿದರೆ ಯಾವ ತುದಿ ಒಳಗೆ ಹೋಗುತ್ತದೆ ಅಂತ ಗೊತ್ತಾಗುತ್ತದೆ, ಚಿತ್ರ ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಈ ಬಗೆಯ ಅಗ್ಗದ ಕೇಬಲ್‌ಗಳು ಒಮ್ಮುಖ ರಸ್ತೆ ಇದ್ದ ಹಾಗೆ. ಕಂಪ್ಯೂಟರ್ ಕಡೆಯ ಡಿಸ್‌ಪ್ಲೇ ಪೋರ್ಟ್‌ಗಳಲ್ಲಿ ಬಹಳಷ್ಟಕ್ಕೆ ಬೇಕಾದಾಗ ಎಚ್‌ಡಿಎಂಐ ಮಾತು ಆಡಲು ಬರುತ್ತದೆ. ಕೇಬಲ್ ಒಳಗೆ ವೋಲ್ಟೇಜ್ ಹೊಂದಿಸುವ ಚಿಕ್ಕ ಸರ್ಕ್ಯೂಟ್ ಇದ್ದರೆ ಸಾಕು, ಎಚ್‌ಡಿಎಂಐ ಇರುವ ಟಿವಿಗೆ ಚಿತ್ರ ಹೋಗುತ್ತದೆ. ತಿರುಗಿಸಿ ಹಾಕಿದರೆ ಆಗುವುದಿಲ್ಲ. ಎಚ್‌ಡಿಎಂಐ ತೂತಿಗೆ ಡಿಸ್‌ಪ್ಲೇ ಪೋರ್ಟ್ ಭಾಷೆಯೇ ಬರುವುದಿಲ್ಲ, ನಡುವೆ ಕೂತು ಪೂರ್ತಿ ಅನುವಾದ ಮಾಡುವ ಚಿಪ್ ಬೇಕು. ಅಂಥ ಕನ್ವರ್ಟರ್ ಅನ್ನು ಫೋಟೋದಲ್ಲೇ ಗುರುತು ಹಿಡಿಯಬಹುದು. ಚಿಪ್ಪಿಗೆ ಕರೆಂಟು ಬೇಕಲ್ಲ, ಹಾಗಾಗಿ ಸಾಮಾನ್ಯವಾಗಿ ಪಕ್ಕದಿಂದ ಒಂದು ಯುಎಸ್‌ಬಿ ಬಾಲ ಇಳಿಬಿದ್ದಿರುತ್ತದೆ. ಅವಳು ತರಿಸಿದ್ದಕ್ಕೆ ಬಾಲ ಇರಲಿಲ್ಲ.

ವಾಪಸ್ ತೆಗೆಯಲು ಹೋದರೆ ಕೇಬಲ್ ಬರಲೊಲ್ಲದು, ಮಾನಿಟರೇ ಎದ್ದು ಬರುತ್ತಿದೆ ಅಂದಳು. ಡಿಸ್‌ಪ್ಲೇ ಪೋರ್ಟ್ ತುದಿಗಳಲ್ಲಿ ಎಷ್ಟೋ ಸಲ ಎರಡು ಪುಟ್ಟ ಕೊಕ್ಕೆ ಇರುತ್ತವೆ, ಮೇಲಿನ ಗುಂಡಿ ಒತ್ತಿಕೊಂಡೇ ಎಳೆಯಬೇಕು. ಒತ್ತದೆ ಎಳೆದು ತೂತನ್ನೇ ಕಿತ್ತವರಿದ್ದಾರೆ.

ಕೊನೆಗೆ ನಾನು ಮೊದಲೇ ಕೇಳಬೇಕಿದ್ದದ್ದನ್ನು ಕೇಳಿದೆ: ಲ್ಯಾಪ್‌ಟಾಪ್‌ನ ಎರಡೂ ಪಕ್ಕದ ಫೋಟೋ ಕಳಿಸು, ಹತ್ತಿರದಿಂದ, ಬೆಳಕಿನಲ್ಲಿ. ಎಡಗಡೆ ಚಾರ್ಜರ್ ಹಾಕುವ ಯುಎಸ್‌ಬಿ-ಸಿ ತೂತು ಇತ್ತು, ಎರಡೂ ತುದಿ ದುಂಡಗಿರುವ ಪುಟ್ಟದು. ಯುಎಸ್‌ಬಿ-ಸಿ ಅಂತ ಹೇಳುವುದು ಸುಲಭ, ಅದರಿಂದ ಏನೇನು ಹೊರಬರುತ್ತದೆ ಅಂತ ಹೇಳುವುದು ಕಷ್ಟ. ಒಂದರಲ್ಲಿ ಚಾರ್ಜ್ ಮತ್ತು ಫೈಲು ಮಾತ್ರ, ಇನ್ನೊಂದರಲ್ಲಿ ವಿಡಿಯೋ ಕೂಡ. ಹೊರಗಿನಿಂದ ಎರಡೂ ಅವಳಿ ಜವಳಿ. ತೂತನ್ನು ಬಿಟ್ಟು ಅದರ ಪಕ್ಕದ ಅಚ್ಚು ನೋಡಬೇಕು. ಅಲ್ಲಿ ಇಂಗ್ಲಿಷಿನ ಡಿ ಮತ್ತು ಪಿ ಅಕ್ಷರ ಒಂದಕ್ಕೊಂದು ಹೆಣೆದುಕೊಂಡ ಗುರುತು ಇತ್ತು. ಅಂದರೆ ವಿಡಿಯೋ ಹೊರಗೆ ಬರುತ್ತದೆ, ಅದೂ ಡಿಸ್‌ಪ್ಲೇ ಪೋರ್ಟ್ ಭಾಷೆಯಲ್ಲೇ. ಬಾಣದ ತುದಿಯಿರುವ ಮಿಂಚಿನ ಗುರುತು ಇದ್ದರೆ ಥಂಡರ್‌ಬೋಲ್ಟ್, ಅದರಲ್ಲೂ ವಿಡಿಯೋ ಬರುತ್ತದೆ. ಏನೂ ಅಚ್ಚಿಲ್ಲದಿದ್ದರೆ ಬರುವುದಿಲ್ಲ ಅಂತಲ್ಲ, ಮಾಡೆಲ್ ನಂಬರ್ ಹಾಕಿ ಕಂಪನಿಯ ವಿವರ ನೋಡಬೇಕು ಅಷ್ಟೇ.

ಒಂದು ತುದಿ ಯುಎಸ್‌ಬಿ-ಸಿ, ಇನ್ನೊಂದು ತುದಿ ಡಿಸ್‌ಪ್ಲೇ ಪೋರ್ಟ್. ಮೂರನೇ ಕೇಬಲ್‌ಗೆ ಚಿತ್ರ ಬಂತು. ಮೊದಲ ಎರಡು ಕೇಬಲ್ ಈಗ ನನ್ನ ಮೇಜಿನ ಡ್ರಾಯರಿನಲ್ಲಿವೆ, "ನಿನ್ನ ತಪ್ಪಿಗೆ ನೀನೇ ಇಟ್ಕೋ" ಅಂತ ಕೊಟ್ಟುಹೋದಳು. ಎರಡನೆಯದು ನನ್ನ ತಪ್ಪಲ್ಲ ಅಂತ ಇವತ್ತಿಗೂ ವಾದಿಸುತ್ತೇನೆ.

ನಿನ್ನೆ ಮತ್ತೆ ಫೋಟೋ ಬಂತು. ದುಂಡಗಿನ ತೂತು, ನಡುವೆ ಒಂದು ಕಡ್ಡಿ. "ರೌಟರ್ ಅಡಾಪ್ಟರ್ ಕಳೆದುಹೋಗಿದೆ, ಮನೇಲಿ ಇಂಥದ್ದೇ ಇನ್ನೊಂದಿದೆ, ಹಾಕ್ಲಾ?" ಪಕ್ಕದಲ್ಲಿ ಬೆರಳೂ ಇಟ್ಟಿದ್ದಳು, ಪಾಪ. ಆದರೆ ಇದಕ್ಕೆ ಬೆರಳೂ ಸಾಲದು. ಹೊರಗಡೆ 5.5 ಮಿಲಿಮೀಟರ್ ಇರುವ ಇಂಥ ಪಿನ್ನುಗಳ ಒಳತೂತು ಕೆಲವಕ್ಕೆ 2.1, ಕೆಲವಕ್ಕೆ 2.5. ಚೆನ್ನಾಗಿ ಕೂತರೂ ಒಂದು 9 ವೋಲ್ಟ್, ಇನ್ನೊಂದು 12, ಮತ್ತೊಂದು 19 ಇರಬಹುದು. ವಿಡಿಯೋ ಕೇಬಲ್ ತಪ್ಪಾದರೆ ಚಿತ್ರ ಬರುವುದಿಲ್ಲ, ಇದು ತಪ್ಪಾದರೆ ಹೊಗೆ ಬರುತ್ತದೆ.

ಹಾಕಬೇಡ, ರೌಟರ್ ತಿರುಗಿಸಿ ಕೆಳಗಿನ ಚೀಟಿಯ ಫೋಟೋ ಕಳಿಸು, ಆ ಅಡಾಪ್ಟರ್ ಮೇಲಿನ ಚೀಟಿಯದ್ದೂ ಕಳಿಸು ಅಂದೆ. ವೋಲ್ಟ್ ಎರಡರಲ್ಲೂ ಒಂದೇ ಇರಬೇಕು, ಆಂಪಿಯರ್ ಅಡಾಪ್ಟರ್‌ನದು ಅಷ್ಟೇ ಅಥವಾ ಜಾಸ್ತಿ ಇರಬೇಕು, ನಡುವಿನ ಚುಕ್ಕಿಗೆ ಪ್ಲಸ್ಸೋ ಮೈನಸ್ಸೋ ಅನ್ನುವ ಚಿತ್ರ ಎರಡರಲ್ಲೂ ಒಂದೇ ಥರ ಇರಬೇಕು. ಎರಡು ಫೋಟೋ ಬಂದವು. ಒಂದರಲ್ಲಿ ಫ್ಲ್ಯಾಶ್ ಬೆಳಕು ಸರಿಯಾಗಿ ವೋಲ್ಟ್ ಮೇಲೆಯೇ ಬಿದ್ದಿದೆ.