ಸಾಂಬಾರಿನ ಜಿರಲೆಗೆ ಎರಡು ಪುಟದ ಉತ್ತರ

ಬೆಂಗಳೂರಿನಲ್ಲಿ ಒಂದು ಹೋಟೆಲ್ ಇದೆ ಅಂದುಕೊಳ್ಳಿ. ಗ್ರಾಹಕರೊಬ್ಬರು ಇಡ್ಲಿ-ವಡೆ ತಗೊಂಡರು. ಸಾಂಬಾರಿನಲ್ಲಿ ಜಿರಲೆ ತೇಲುತ್ತಿತ್ತು. ಅವರು ವಿಡಿಯೋ ಮಾಡಿ, ಬಿಲ್ಲಿನ ಫೋಟೋ ಸೇರಿಸಿ, ಕೆಳಗೆ ಒಂದು ಸಾಲು ಬರೆದು ಹಾಕಿದರು: ‘ಕೇಳಿದ್ದಕ್ಕೆ ಸಪ್ಲೈಯರ್ ಇದು ಹುರಿದ ಈರುಳ್ಳಿ ಅಂದ.’

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ನೋಡಿತ್ತು. ಸಂಜೆ ಹೋಟೆಲಿನವರ ಉತ್ತರ ಬಂತು. ಲೆಟರ್‌ಹೆಡ್ ಮೇಲೆ, ಸೀಲು ಸಹಿ ಸಮೇತ, ಪೂರ್ತಿ ಎರಡು ಪುಟ.

ಮೊದಲ ಪ್ಯಾರಾದಲ್ಲಿ ಮಾಲೀಕರ ತಂದೆಯವರು ಒಂದು ಟ್ರಂಕು ಹಿಡಿದು ಕರಾವಳಿಯಿಂದ ಬಸ್ಸು ಹತ್ತುತ್ತಾರೆ. ಎರಡನೆಯದರಲ್ಲಿ ಲೋಟ ತೊಳೆಯುತ್ತಾರೆ. ಮೂರನೆಯದರಲ್ಲಿ ಸ್ವಂತ ಹೋಟೆಲ್ ಇಡುತ್ತಾರೆ. ನಾಲ್ಕನೆಯದು ಹೋಟೆಲಿಗೆ ಬಂದುಹೋದ ಸಿನಿಮಾ ನಟರಿಗೆ ಮೀಸಲು. ಜಿರಲೆ ಬರುವುದು ಐದನೇ ಪ್ಯಾರಾದಲ್ಲಿ, ಅದೂ ‘ಸದರಿ ವಸ್ತು’ ಎಂಬ ಹೆಸರಿನಲ್ಲಿ. ಸದರಿ ವಸ್ತು ಹೊರಗಿನಿಂದ ಬಂದಿದೆಯಂತೆ, ಪ್ರತಿಸ್ಪರ್ಧಿಗಳ ಕೈವಾಡವಿದೆಯಂತೆ. ಜಿರಲೆ ಯಾವಾಗಲೂ ಹೊರಗಿನಿಂದಲೇ ಬರುವುದು ಅಲ್ವಾ? ಭಟ್ಟರೇನು ಅದನ್ನು ರುಬ್ಬಿ ಮಾಡುತ್ತಾರಾ?

ಇದರಲ್ಲಿ ನನಗೆ ತುಂಬಾ ಹಿಡಿಸಿದ ಸಾಲು ಇದು: ‘ಸಾಂಬಾರ್ ಶುದ್ಧವಾಗಿದೆಯೆಂದು ಪ್ರಯೋಗಾಲಯದಲ್ಲಿ ದೃಢಪಟ್ಟಿದೆ.’ ಬೆಳಿಗ್ಗೆ ತಿಂಡಿ, ಸಂಜೆ ಪತ್ರ! 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಧಿಕಾರಿ ಕಳಿಸಿದ ಮಾದರಿಗೆ ವರದಿ ಕೊಡಲು ವಿಶ್ಲೇಷಕರಿಗೆ 14 ದಿನ ಸಮಯವಿದೆ. ಇವರ ಪ್ರಯೋಗಾಲಯ ಬಹುಶಃ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ.

ಕೊನೆಗೆ ಕ್ಷಮೆ. ‘ಯಾರ ಮನಸ್ಸಿಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇವೆ.’ ಜಿರಲೆ ಸಿಕ್ಕಿದ್ದು ಬಟ್ಟಲಲ್ಲಿ, ಸ್ವಾಮಿ. ಮನಸ್ಸಿನಲ್ಲಲ್ಲ.

ಇಂಥ ಪತ್ರಗಳು ಬೆಂಕಿಗೆ ತುಪ್ಪ ಸುರಿಯುತ್ತವೆ ಎಂಬುದು ಹೊಸ ವಿಷಯವೂ ಅಲ್ಲ. 2013ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಏಮೀಸ್ ಬೇಕಿಂಗ್ ಕಂಪನಿ ಎಂಬ ಹೋಟೆಲನ್ನು ಒಂದು ಟಿವಿ ಕಾರ್ಯಕ್ರಮ ತೋರಿಸಿತು. ಜನ ಟೀಕಿಸಿದರು. ಹೋಟೆಲಿನ ಫೇಸ್‌ಬುಕ್ ಪುಟದಲ್ಲಿ ಅವರಿಗೆ ಸಿಟ್ಟಿನ ಬೈಗುಳದ ಉತ್ತರಗಳು ಬಂದವು. ಆಮೇಲೆ ನಮ್ಮ ಖಾತೆ ಹ್ಯಾಕ್ ಆಗಿತ್ತು ಎಂದರು. ಊಟದ ವಿಷಯ ಮರೆತವರೂ ಆ ಉತ್ತರಗಳನ್ನು ಇನ್ನೂ ಮರೆತಿಲ್ಲ.

ನಮ್ಮ ಹೋಟೆಲಿಗೆ ವಾಪಸ್ ಬರೋಣ. ಅಲ್ಲಿ ನಿಜವಾಗಿ ಕೆಲಸ ಮಾಡಿದವರು ಕ್ಯಾಷಿಯರ್ ಒಬ್ಬರೇ. ಅವರು ಬಿಲ್ ನಂಬರ್ ಹಿಡಿದು ಸಮಯ ನೋಡಿದರು: 8.40. ಕ್ಯಾಮೆರಾದಲ್ಲಿ ಆ ಟೇಬಲ್ ನೋಡಿದರು. ಗ್ರಾಹಕರು ಜೇಬಿನಿಂದ ಜಿರಲೆ ತೆಗೆಯಲಿಲ್ಲ. ಸಪ್ಲೈಯರ್‌ನನ್ನು ಕೇಳಿದರು. ಈರುಳ್ಳಿ ಅಂದಿದ್ದು ಹೌದು ಎಂದ. ಕೀಟನಾಶಕ ಹೊಡೆಸಿದ ಪುಸ್ತಕ ತೆಗೆದರು. ಪತ್ರದಲ್ಲಿ ‘ಪ್ರತಿ ವಾರ’ ಎಂದಿತ್ತು, ಪುಸ್ತಕದ ಕೊನೆಯ ಸಹಿಗೆ ಎರಡು ತಿಂಗಳಾಗಿತ್ತು. ಅಲ್ಲೇ ಒಂದು ಹಳೇ ಬಿಲ್ಲಿನ ಹಿಂದೆ ಬರೆದರು:

‘ಇವತ್ತು ಬೆಳಿಗ್ಗೆ 8.40ಕ್ಕೆ ನಾವು ಬಡಿಸಿದ ಸಾಂಬಾರಿನಲ್ಲಿ ಜಿರಲೆ ಇತ್ತು. ತಪ್ಪು ನಮ್ಮದು, ಕ್ಷಮಿಸಿ. ಅದನ್ನು ಈರುಳ್ಳಿ ಅಂದಿದ್ದೂ ತಪ್ಪು. ಆ ಪಾತ್ರೆಯ ಸಾಂಬಾರ್ ಚೆಲ್ಲಿದ್ದೇವೆ. ಅದು ಹೇಗೆ ಬಿತ್ತು ಅಂತ ಇನ್ನೂ ಗೊತ್ತಾಗಿಲ್ಲ. ಎರಡು ತಿಂಗಳಿಂದ ಕೀಟನಾಶಕ ಹೊಡೆಸಿರಲಿಲ್ಲ, ನಾಳೆ ಹೋಟೆಲ್ ಮುಚ್ಚಿ ಹೊಡೆಸುತ್ತೇವೆ. ಆ ಗ್ರಾಹಕರಿಗೆ ಮಾಲೀಕರೇ ಮೆಸೇಜ್ ಮಾಡಿದ್ದಾರೆ.’

ಇಷ್ಟೇ. ಗ್ರಾಹಕರ ಫೋನ್ ನಂಬರ್ ಇಲ್ಲ, ಕ್ಯಾಮೆರಾದಲ್ಲಿ ಸಿಕ್ಕ ಅವರ ಮುಖ ಇಲ್ಲ, ಪೋಸ್ಟ್ ತೆಗೆದರೆ ಮಸಾಲೆ ದೋಸೆ ಫ್ರೀ ಎಂಬ ಆಸೆಯೂ ಇಲ್ಲ. ಗೊತ್ತಿರುವುದನ್ನು ಗೊತ್ತು ಎಂದಿದ್ದಾರೆ, ಗೊತ್ತಿಲ್ಲದ್ದನ್ನು ಇಲ್ಲ ಎಂದಿದ್ದಾರೆ. ನಾಳೆ ಆಹಾರ ಸುರಕ್ಷತಾ ಅಧಿಕಾರಿ ಬಂದು ಅದೇ ಪುಸ್ತಕ ತೆರೆದರೂ ಈ ಚೀಟಿಯ ಒಂದಕ್ಷರವೂ ಸುಳ್ಳಾಗುವುದಿಲ್ಲ. ಎರಡು ಪುಟದ ಪತ್ರಕ್ಕೆ ಆ ಧೈರ್ಯವಿಲ್ಲ.

ಚೀಟಿ ಮಾಲೀಕರ ಕೈಗೆ ಹೋಯಿತು. ವಕೀಲರು ‘ತಪ್ಪು’ ಎಂಬ ಪದ ಎರಡು ಸಲ ಬಂದಿದೆ ಎಂದು ಬೆವರು ಒರೆಸಿಕೊಂಡರು. ಅಳಿಯ, ಹೋಟೆಲಿನ ಸೋಷಿಯಲ್ ಮೀಡಿಯಾ ಅವರದೇ, ಇದರಲ್ಲಿ ಎಮೋಷನ್ ಇಲ್ಲ ಎಂದರು. ‘ಮೆಸೇಜ್ ಮಾಡಿದ್ದಾರೆ ಅಂತ ಬರೆದಿದ್ದೀಯಲ್ಲ, ನಾನೆಲ್ಲಿ ಮಾಡಿದೆ?’ ಎಂದರು ಮಾಲೀಕರು. ‘ಮಾಡಿ ಸಾರ್, ಆಮೇಲೆ ಹಾಕೋಣ’ ಎಂದರು ಕ್ಯಾಷಿಯರ್.

ಮಾಲೀಕರು ಮೆಸೇಜ್ ಮಾಡಿದರು. ಹಳೇ ಪತ್ರ ತೆಗೆದು ಚೀಟಿ ಹಾಕಲು ಕೂಡ ಒಪ್ಪಿದರು. ಒಂದೇ ಷರತ್ತು. ಕೊನೆಯಲ್ಲಿ ಚಿಕ್ಕದಾಗಿ ಒಂದು ಸಾಲು ಇರಬೇಕಂತೆ: ‘ಇದರ ಹಿಂದೆ ಯಾರಿದ್ದಾರೆ ಅಂತ ನಮಗೆ ಗೊತ್ತು.’