ಕಂಡೂ ಕಾಣದ ಚಿಹ್ನೆ

ಕಂಪ್ಯೂಟರಿನಲ್ಲಿ ಹೊಸ ಆಟವನ್ನು ತೆರೆದಾಗಲೆಲ್ಲ, ಕಥೆಯೊಳಗೆ ಕಾಲಿಡಲು ಬಿಡುವ ಮೊದಲು ಅದು ನನ್ನ ಕಣ್ಣನ್ನೊಮ್ಮೆ ಪರೀಕ್ಷಿಸುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಮೂರು ಚಿಹ್ನೆಗಳಿರುತ್ತವೆ: ಎಡಗಡೆಯದು ಕಾಣಬಾರದು, ಬಲಗಡೆಯದು ಸ್ಪಷ್ಟವಾಗಿ ಕಾಣಬೇಕು, ನಡುವಿನದು ಕಂಡೂ ಕಾಣದಂತಿರಬೇಕು. ಕಾಣುವುದನ್ನು ಕಾಣುತ್ತದೆ ಎನ್ನಬಹುದು, ಕಾಣದ್ದನ್ನು ಕಾಣುವುದಿಲ್ಲ ಎನ್ನಬಹುದು. ಆದರೆ ಕಂಡೂ ಕಾಣದಿರುವುದು ಎಂಬ ಸ್ಥಿತಿಯಲ್ಲಿ ನಾನು ಸಾಲ ಕೊಟ್ಟವರನ್ನು ಕಂಡಾಗ ಮಾತ್ರ ಇದ್ದೇನೆ.

ಮೊದಲ ಸಲ ನಾನು ಈ ಪರೀಕ್ಷೆಗೆ ಕುಳಿತದ್ದು ಮಧ್ಯಾಹ್ನ, ಬೆನ್ನ ಹಿಂದಿನ ಕಿಟಕಿಯನ್ನು ಪೂರ್ತಿ ತೆರೆದುಕೊಂಡು. ಪರದೆಯ ಕಪ್ಪಿನ ಮೇಲೆ ಕಿಟಕಿಯ ಬೆಳಕು ಬಿದ್ದು ಆ ಕಪ್ಪೇ ಬೂದು ಬಣ್ಣಕ್ಕೆ ತಿರುಗಿದ್ದರಿಂದ, ಅದಕ್ಕಿಂತ ಮಸುಕಾದ ಚಿಹ್ನೆ ಅದರಲ್ಲಿ ಮುಳುಗಿಹೋಗಿತ್ತು. ನನಗೆ ಕಂಡದ್ದು ನನ್ನ ಮುಖ ಮಾತ್ರ. ಬ್ರೈಟ್‌ನೆಸ್ ಸ್ಲೈಡರನ್ನು ಬಲಕ್ಕೆ ತಳ್ಳುತ್ತ ಹೋದೆ. ಕೊನೆಯ ಅಂಚಿಗೆ ಬಂದಾಗ ನಡುವೆ ದುಂಡಗಿನ ಮಸುಕು ಆಕೃತಿಯೊಂದು ಗೋಚರಿಸಿತು. ಕೃತಾರ್ಥನಾಗಿ ಒಪ್ಪಿಗೆಯ ಗುಂಡಿ ಒತ್ತಿದೆ.

ರಾತ್ರಿ ಆಡಲು ಕುಳಿತಾಗ, ಭಯ ಹುಟ್ಟಿಸಬೇಕಾದ ಗುಹೆಗೆ ಯಾರೋ ಬೂದಿ ಎರಚಿದಂತಿತ್ತು. ಕತ್ತಲಲ್ಲಿ ಹೊಂಚುಹಾಕಬೇಕಾದ ಪ್ರಾಣಿ ಬಸ್ಸಿಗೆ ಕಾಯುವವರಂತೆ ಬಯಲಿನಲ್ಲೇ ನಿಂತಿತ್ತು. ಅದರ ಹಣೆಯ ಮೇಲೆ ಅದೇ ದುಂಡಗಿನ ಆಕೃತಿಯಿತ್ತು. ಒರೆಸಿದಾಗ ಹೋಯಿತು, ಅದು ನನ್ನದೇ ಹೆಬ್ಬೆರಳಿನ ಗುರುತು.

ತಪ್ಪು ಬೆರಳಿನದಷ್ಟೇ ಆಗಿರಲಿಲ್ಲ. ನಾನು ತಳ್ಳಿದ ಬ್ರೈಟ್‌ನೆಸ್ ಎಲ್ಲ ಬಣ್ಣಗಳಿಗೂ ಒಂದೇ ಪ್ರಮಾಣದ ಬೆಳಕನ್ನು ಕೂಡಿಸುವ ಬಗೆಯದು. 0ಯಿಂದ 255ರವರೆಗಿನ ಅಳತೆಯಲ್ಲಿ 40 ಕೂಡಿಸಿದರೆ ಅಪ್ಪಟ ಕಪ್ಪಾದ 0 ತಾನೂ 40 ಆಗಿ ಬೂದಾಗುತ್ತದೆ, ಆಚೆ ತುದಿಯಲ್ಲಿ 215ರಿಂದ ಮೇಲಿನದೆಲ್ಲ 255ಕ್ಕೆ ಬಡಿದು ಬರೀ ಬಿಳಿಯಾಗುತ್ತದೆ. ಗಾಮಾ ಹಾಗಲ್ಲ, ಅದು ಎರಡು ತುದಿಗಳನ್ನೂ ಮುಟ್ಟದೆ ನಡುವಿನದನ್ನು ಮಾತ್ರ ಎತ್ತುತ್ತದೆ. ಸ್ಲೈಡರ್ 1ರಲ್ಲಿದ್ದಾಗ 26 ಇದ್ದ ಗುಹೆಯ ಗೋಡೆ 1.4ಕ್ಕೆ ತಂದಾಗ ಸುಮಾರು 50 ಆಗುತ್ತದೆ, 200ರ ದೀಪದ ಬೆಳಕು 214ರ ಹತ್ತಿರ ನಿಲ್ಲುತ್ತದೆ, 0 ಮತ್ತು 255 ಕದಲುವುದೇ ಇಲ್ಲ. ನನಗೆ ಬೇಕಾಗಿದ್ದುದು ಇದೇ. ಆದರೆ ಕೆಲವು ಆಟಗಳು ಗಾಮಾಕ್ಕೇ ಬ್ರೈಟ್‌ನೆಸ್ ಎಂದು ಹೆಸರಿಟ್ಟಿರುತ್ತವೆ. ಹಾಗಾಗಿ ಹೆಸರನ್ನು ನಂಬದೆ, ಕತ್ತಲ ಕೋಣೆಯಲ್ಲಿ ಸ್ಲೈಡರನ್ನು ಒಮ್ಮೆ ಕೊನೆಯವರೆಗೆ ತಳ್ಳಿ ನೋಡುತ್ತೇನೆ. ಹಿನ್ನೆಲೆಯ ಕಪ್ಪೇ ಬೂದಾದರೆ ಅದು ಕೂಡಿಸುವ ಬಗೆ, ಹಿನ್ನೆಲೆ ಕಪ್ಪಾಗಿಯೇ ಉಳಿದು ಚಿಹ್ನೆಗಳು ಮಾತ್ರ ಬೆಳಗಿದರೆ ಅದು ಗಾಮಾ.

ಇಷ್ಟು ತಿಳಿದ ಮೇಲೆ ಪರದೆಯನ್ನು ಒರೆಸಿ, ಪರದೆಗಳನ್ನು ಎಳೆದು (ಒಂದೇ ಹೆಸರಿನ ಎರಡು ವಸ್ತುಗಳನ್ನು ಒಂದೇ ವಾಕ್ಯದಲ್ಲಿ ಹಿಡಿದಿಡುವುದು ಕಷ್ಟ), ಬ್ರೈಟ್‌ನೆಸ್ಸನ್ನು ಮೊದಲಿದ್ದಲ್ಲಿಗೇ ತಂದು, ಗಾಮಾವನ್ನು ಒಂದೊಂದೇ ಹೆಜ್ಜೆ ಏರಿಸತೊಡಗಿದೆ. ಕುರ್ಚಿಯಲ್ಲಿ ಬೆನ್ನು ಜಾರಿಸಿ ಅರ್ಧ ಮಲಗಿದ್ದ ನನಗೆ ನಡುವಿನ ಚಿಹ್ನೆ ಕಾಣಲೇ ಇಲ್ಲ. ಹಿಂದೆ ನಿಂತಿದ್ದ ತಮ್ಮ, "ಅಣ್ಣಾ, ಎಡಗಡೆಯದೂ ಕಾಣುತ್ತಿದೆಯಲ್ಲ, ಇಳಿಸು" ಎಂದ. ನಾನು ಕಾಣುವುದಿಲ್ಲ ಎಂದೆ, ಅವನು ಕಾಣುತ್ತದೆ ಎಂದ. ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಯಷ್ಟೇ ಬಿರುಸಾಗಿ ಇದೂ ನಡೆಯಿತು. ಕೊನೆಗೆ ನಾನು ಸಿಟ್ಟಿನಿಂದ ಎದ್ದು ನಿಂತೆ. ಎಡಗಡೆಯ ಚಿಹ್ನೆ ನನಗೂ ದರ್ಶನ ಕೊಟ್ಟಿತು. ಕುಳಿತೆ, ಮಾಯವಾಯಿತು.

ನಮ್ಮ ಹಳೆಯ ಮಾನಿಟರಿನದು ಟಿಎನ್ ಜಾತಿಯ ಫಲಕ. ಅದನ್ನು ಮೇಲಿನಿಂದ ನೋಡಿದರೆ ಚಿತ್ರ ತೊಳೆದಿಟ್ಟಂತೆ ಬಿಳಿಚಿಕೊಳ್ಳುತ್ತದೆ, ಕೆಳಗಿನಿಂದ ನೋಡಿದರೆ ಕಪ್ಪಿಡುತ್ತದೆ. ಅಂದರೆ ಗಾಮಾ ಸ್ಲೈಡರಿಗಿಂತ ಹೆಚ್ಚಿನ ಅಧಿಕಾರ ನನ್ನ ಬೆನ್ನುಮೂಳೆಗಿತ್ತು. ಫಲಕವನ್ನು ತುಸು ನನ್ನ ಕಣ್ಣಿನತ್ತ ಓರೆ ಮಾಡಿ, ನಿಜವಾಗಿ ಆಡುವಾಗ ಹೇಗೆ ಕೂರುತ್ತೇನೋ ಹಾಗೆಯೇ ಕುಳಿತು, ಆಡುವ ಹೊತ್ತಿನ ದೀಪವನ್ನೇ ಹಚ್ಚಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದೆ. ನಡುವಿನ ಚಿಹ್ನೆ 1.1ರಲ್ಲಿ ಕಂಡೂ ಕಾಣದಂತಾಯಿತು, ಎಡಗಡೆಯದು ಮರೆಯಾಗಿಯೇ ಉಳಿಯಿತು.

ಆಟವನ್ನು ಆರಂಭಿಸಿದೆ. ಗುಹೆಯಲ್ಲಿ ಹಿತವಾದ ಕತ್ತಲೆಯಿತ್ತು, ಪ್ರಾಣಿ ಎಲ್ಲೂ ಇರಲಿಲ್ಲ. ಮರುಕ್ಷಣ ಅದು ನನ್ನ ಮೇಲೆ ಎರಗಿತು. ಹಿಂದೆ ನಿಂತಿದ್ದ ತಮ್ಮ ಮಾತ್ರ, "ಆಗಿನಿಂದ ಅಲ್ಲೇ ನಿಂತಿತ್ತಲ್ಲ ಅಣ್ಣಾ, ನಿನಗೆ ಕಾಣಲಿಲ್ಲವೇ?" ಎಂದು ಕೇಳಿದ.